ತಿರುವಿನಲ್ಲಿ ನಿಂತ ಕಾರು

ನಮ್ಮ ಬೀದಿಯ ಮಕ್ಕಳೇ, ನಿಮ್ಮಲ್ಲಿ ಹಲವರು ಈಚೆಗೆ ಕಾರು ಕೊಂಡಿದ್ದೀರಿ. ನೋಡಿ ಸಂತೋಷವಾಯಿತು. ಆದರೆ ರಾತ್ರಿ ಅದನ್ನು ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದರ ಬಗ್ಗೆ, ಅಗ್ನಿಶಾಮಕ ಗಾಡಿ ಓಡಿಸಿಯೇ ನಿವೃತ್ತನಾದ ನಾನು ನಿಮಗೆ ಒಂದು ಮಾತು ಹೇಳಲೇಬೇಕು.

2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ನಗರ್ತಪೇಟೆಯ ಕಟ್ಟಡವೊಂದಕ್ಕೆ ಬೆಂಕಿ ಬಿದ್ದು ಐದು ಜನ ಸತ್ತರು. ಅಲ್ಲಿನ ಓಣಿಗಳು ಮೋಟಾರು ಗಾಡಿ ಬರುವ ಮೊದಲೇ ಹುಟ್ಟಿದವು. ಅವುಗಳನ್ನು ಅಗಲ ಮಾಡುವುದು ನಿಮ್ಮಿಂದಲೂ ಆಗದು, ನನ್ನಿಂದಲೂ ಆಗದು. ನಮ್ಮ ಬಡಾವಣೆಯ ಮಾತು ಬೇರೆ. ಇಲ್ಲಿ ರಸ್ತೆಯನ್ನು 20 ಅಡಿಗೆ ಅಳೆದೇ ಬಿಟ್ಟಿದ್ದಾರೆ. ಅದನ್ನು ಓಣಿ ಮಾಡಿದವರು ನಾವು.

ಲೆಕ್ಕ ಹಾಕಿ ನೋಡಿ. ಕನ್ನಡಿ ಸೇರಿಸಿದರೆ ಒಂದು ಕಾರು ಹೆಚ್ಚುಕಡಿಮೆ 6 ಅಡಿ ಅಗಲ. ಗೋಡೆಗೆ ತಾಗದ ಹಾಗೆ ಅರ್ಧ ಅಡಿ ಬಿಟ್ಟು ನಿಲ್ಲಿಸುತ್ತೀರಿ. ಎರಡೂ ಬದಿಗೆ ಕಾರು ನಿಂತರೆ 13 ಅಡಿ ಹೋಯಿತು, ಉಳಿದದ್ದು 7. ನೀರು ತುಂಬಿದ ನಮ್ಮ ದೊಡ್ಡ ಗಾಡಿಯ ಮೈಯೇ 8 ಅಡಿ, ಕನ್ನಡಿ ಸೇರಿದರೆ ಇನ್ನೂ ಜಾಸ್ತಿ. ಒಂದೇ ಬದಿಗೆ ನಿಲ್ಲಿಸಿದರೆ 13 ಅಡಿಗಿಂತ ಹೆಚ್ಚೇ ಉಳಿಯುತ್ತದೆ. ಅಷ್ಟು ಬೇಕು ಕೂಡ. ಯಾಕೆಂದರೆ ಗಾಡಿ ನುಸುಳಿ ಬಂದ ಮಾತ್ರಕ್ಕೆ ಕೆಲಸ ಶುರುವಾಗುವುದಿಲ್ಲ. ಸಿಬ್ಬಂದಿ ಬಾಗಿಲು ತೆರೆದು ಇಳಿಯಬೇಕು, ಗಾಡಿಯ ಪಕ್ಕದ ಪೆಟ್ಟಿಗೆಗಳನ್ನು ತೆರೆದು ಹೋಸ್ ಪೈಪಿನ ಸುರುಳಿ ಎಳೆದುಕೊಳ್ಳಬೇಕು. ಪಕ್ಕದಲ್ಲೇ ಕಾರು ಒತ್ತಿಕೊಂಡು ನಿಂತಿದ್ದರೆ ಪೆಟ್ಟಿಗೆ ಕಣ್ಣೆದುರೇ ಇದ್ದರೂ ಕೈಗೆ ಸಿಗುವುದಿಲ್ಲ.

ಇದಕ್ಕಿಂತ ಕೆಟ್ಟದ್ದು ತಿರುವು. ನೇರ ರಸ್ತೆಯಲ್ಲಿ ಒಂದೇ ಬದಿಗೆ ಹತ್ತು ಕಾರು ನಿಂತಿದ್ದರೂ ಅನುಭವವಿರುವ ಚಾಲಕ ನಿಧಾನವಾಗಿ ಸಾಗಿಸುತ್ತಾನೆ. ತಿರುವಿನಲ್ಲಿ ಒಂದೇ ಒಂದು ನಿಂತಿದ್ದರೆ ಮುಗಿಯಿತು. ಉದ್ದನೆಯ ಗಾಡಿ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲಿ ಬರುವುದಿಲ್ಲ, ಒಳಮೂಲೆಯನ್ನು ಕತ್ತರಿಸಿಕೊಂಡು ಬರುತ್ತದೆ. ಆದ್ದರಿಂದ ಚಾಲಕ ಮೊದಲು ಹೊರಗಡೆಗೆ ಅಗಲವಾಗಿ ಹೋಗಿ ಆಮೇಲೆ ಒಳಕ್ಕೆ ತಿರುಗಿಸಬೇಕು. ಒಳಮೂಲೆಯಲ್ಲಿ ನಿಮ್ಮ ಕಾರು, ಹೊರಗಡೆ ಇನ್ನೊಬ್ಬರ ಟೆಂಪೊ ಇದ್ದರೆ ಹಿಂದೆ ಮುಂದೆ ಮಾಡುತ್ತಾ ನಿಮಿಷಗಳೇ ಕಳೆಯುತ್ತವೆ. ಅಷ್ಟರಲ್ಲಿ ಸೋಫಾ, ಹಾಸಿಗೆ, ಪರದೆ ತುಂಬಿದ ಕೋಣೆ ಪೂರ್ತಿ ಹೊತ್ತಿಕೊಂಡುಬಿಡಬಹುದು. ಎರಡನೆಯ ಗಾಡಿ ಹಿಂದೆಯೇ ಬಂದು ನಿಂತಿತೆಂದರೆ ಮೊದಲನೆಯದು ಹಿಮ್ಮುಖವಾಗಿ ಹೊರಬರುವ ದಾರಿಯೂ ಇಲ್ಲ.

“ಗಾಡಿ ಬರದಿದ್ದರೇನು, ಪೈಪು ಎಳೆದುಕೊಂಡು ಬರಬಹುದಲ್ಲ ಅಂಕಲ್” ಎಂದು ನಿಮ್ಮಲ್ಲೊಬ್ಬ ಕೇಳಿದ. ಬರಬಹುದು, ಬರುತ್ತಾರೆ ಕೂಡ. ಆದರೆ ಅದರ ಬೆಲೆ ಎಷ್ಟು ಅಂತ ತಿಳಿದುಕೊಳ್ಳಿ. ನಮ್ಮ ಬೀದಿಯ ಕೊನೆಯ ಮನೆಗೆ ಬೆಂಕಿ ಬಿದ್ದಿದೆ, ಗಾಡಿ 200 ಮೀಟರ್ ಈಚೆಗೆ ಬೇಕರಿ ತಿರುವಿನಲ್ಲಿ ಸಿಕ್ಕಿಕೊಂಡಿದೆ ಎಂದಿಟ್ಟುಕೊಳ್ಳಿ. ಒಂದು ಹೋಸ್ ಸಾಮಾನ್ಯವಾಗಿ 15 ಮೀಟರ್ ಉದ್ದ. ಅಂದರೆ 14 ಹೋಸ್ ಬಿಚ್ಚಿ, ಒಂದಕ್ಕೊಂದು ಜೋಡಿಸಬೇಕು. 63 ಮಿಲಿಮೀಟರ್ ಹೋಸ್ ಒಂದೊಂದೂ ಸುಮಾರು 47 ಲೀಟರ್ ನೀರು ಹಿಡಿಯುತ್ತದೆ. ಬೆಂಕಿಯ ಮೇಲೆ ಒಂದು ಹನಿ ಬೀಳುವ ಮೊದಲೇ ಪೈಪು ತುಂಬಲಿಕ್ಕೆ 650 ಲೀಟರ್ ಬೇಕಾಯಿತು. ಗಾಡಿಯಲ್ಲಿ ಇರುವುದು ಸುಮಾರು 4,500 ಲೀಟರ್. ದೂರ ಹೋದಷ್ಟೂ ಒತ್ತಡ ಕುಸಿಯುತ್ತದೆ. ನೀರು ತುಂಬಿದ ಮೇಲೆ ಆ ಪೈಪನ್ನು ಎಳೆದು ಜರುಗಿಸುವುದು ಒಬ್ಬಿಬ್ಬರಿಂದ ಆಗುವ ಕೆಲಸವಲ್ಲ. ಮೂಲೆಯಲ್ಲಿ ಅದು ಯಾವುದಾದರೂ ಕಾರಿನ ಚಕ್ರದಡಿ ಸಿಕ್ಕಿ ಮಡಿಚಿಕೊಂಡರೆ ಮುಂದಿರುವವನ ಕೈಯಲ್ಲಿ ನೀರು ಸಣ್ಣಗಾಗಿಬಿಡುತ್ತದೆ. ಹೊಗೆಯೊಳಗಿರುವ ಅವನಿಗೆ ಯಾಕೆ ಹೀಗಾಯಿತು ಅಂತ ತಿಳಿಯುವುದೂ ಇಲ್ಲ. ಇದನ್ನು ನೆನೆದರೆ ಈಗಲೂ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಹೋಸ್ ಪೈಪಿನ ಮೇಲೆ ಬೈಕು ಹತ್ತಿಸಿಕೊಂಡು ಹೋಗುವವರನ್ನು ನೋಡಿದ್ದೇನೆ. ದಯವಿಟ್ಟು ನೀವು ಹಾಗೆ ಮಾಡಬೇಡಿ.

ಸಣ್ಣ ಗಾಡಿಗಳು, ಬೈಕುಗಳು ಇಲಾಖೆಯಲ್ಲಿ ಇವೆ. ಅವು ಬೇಗ ತಲುಪಿ ಆರಂಭದ ಬೆಂಕಿಯನ್ನು ಹಿಡಿದಿಡುತ್ತವೆ. ಹೊತ್ತಿ ಉರಿಯುತ್ತಿರುವ ಎರಡು ಅಂತಸ್ತಿಗೆ ಅವುಗಳ ನೀರು ಸಾಲದು. ದೊಡ್ಡ ಗಾಡಿ ಬರಲೇಬೇಕು.

ಈಗ ನೀವು ಮಾಡಬಹುದಾದದ್ದಕ್ಕೆ ಬರುತ್ತೇನೆ. ಬೀದಿಯವರೆಲ್ಲ ಕೂತು, ಯಾವ ಬದಿಗೆ ನಿಲ್ಲಿಸುವುದು ಎಂದು ಒಪ್ಪಿಕೊಳ್ಳಿ. ತಿಂಗಳಿಗೊಮ್ಮೆ ಬದಿ ಬದಲಾಯಿಸಿದರೆ ಯಾರಿಗೂ ಅಸಮಾಧಾನ ಇರುವುದಿಲ್ಲ. ಬೇಕರಿ ತಿರುವಿನ ಎರಡೂ ಬದಿಗೆ ಒಂದೆರಡು ಕಾರಿನ ಉದ್ದದಷ್ಟು ಜಾಗ ಖಾಲಿ ಬಿಡಿ, ಅಲ್ಲಿ ಹಳದಿ ಬಣ್ಣದ ಗೆರೆ ಎಳೆಯಲು ವಾರ್ಡ್ ಕಚೇರಿಯಲ್ಲಿ ಕೇಳಿ. ಎದುರುಗಾಜಿನ ಒಳಗೆ ನಿಮ್ಮ ಫೋನ್ ನಂಬರು ಕಾಣುವಂತೆ ಇಡಿ, ಊರಿಗೆ ಹೋಗುವಾಗ ಕೀಲಿಯನ್ನು ಪಕ್ಕದ ಮನೆಯವರ ಹತ್ತಿರ ಬಿಟ್ಟು ಹೋಗಿ. ಸ್ಕೂಟರನ್ನು ನಾಲ್ಕು ಜನ ಎತ್ತಿ ಪಕ್ಕಕ್ಕಿಡಬಹುದು. ಗೇರಿನಲ್ಲಿ ನಿಂತು ಹ್ಯಾಂಡ್‌ಬ್ರೇಕ್ ಹಾಕಿದ ಕಾರನ್ನು ಏನು ಮಾಡೋಣ?

ಇನ್ನೊಂದು ವಿಷಯ ಯಾರೂ ಯೋಚಿಸುವುದಿಲ್ಲ, ಅದು ಸಂಪು. ಗಾಡಿಯ ನೀರು ಮುಗಿದಾಗ ನಮ್ಮ ಪಂಪು ನಿಮ್ಮ ಮನೆಯ ಸಂಪಿನಿಂದಲೇ ನೀರು ಹೀರಿಕೊಳ್ಳಬಲ್ಲದು. ದೊಡ್ಡ ಅಪಾರ್ಟ್‌ಮೆಂಟಿನ ಸಂಪು ನಮ್ಮ ಗಾಡಿಯ ಟ್ಯಾಂಕಿಗಿಂತ ಎಷ್ಟೋ ಪಟ್ಟು ದೊಡ್ಡದು. ಆದರೆ ಮುಚ್ಚಳದ ಮೇಲೆಯೇ ಕಾರು ನಿಂತಿರುತ್ತದೆ. ಯಾರ ಸಂಪು ದೊಡ್ಡದು, ಮುಚ್ಚಳ ಎಲ್ಲಿದೆ ಅನ್ನುವುದು ಬೀದಿಯ ನಾಲ್ಕು ಜನಕ್ಕಾದರೂ ಗೊತ್ತಿರಲಿ.

ಬೆಂಕಿ ಕಂಡ ಕೂಡಲೇ 101ಕ್ಕೋ 112ಕ್ಕೋ ಕರೆ ಮಾಡಿ. ವಿಳಾಸ ಹೇಳಿ, ಹತ್ತಿರದ ಗುರುತು ಹೇಳಿ, ಜೊತೆಗೆ “ಬೇಕರಿ ಕಡೆಯಿಂದ ಬರಬೇಡಿ, ಶಾಲೆ ಮೈದಾನದ ಕಡೆಯ ರಸ್ತೆ ಅಗಲ ಇದೆ” ಎಂದು ದಾರಿಯನ್ನೂ ಹೇಳಿ. ಮೊಬೈಲ್ ಮ್ಯಾಪು ಹತ್ತಿರದ ದಾರಿ ತೋರಿಸುತ್ತದೆಯೇ ಹೊರತು, ಇಂದು ಅಲ್ಲಿ ಶಾಮಿಯಾನ ಹಾಕಿದ್ದಾರೋ, ಕೇಬಲ್ ವೈರು ಜೋತುಬಿದ್ದಿದೆಯೋ ಎಂದು ತಿಳಿಸುವುದಿಲ್ಲ. ಒಬ್ಬರು ಮುಖ್ಯರಸ್ತೆಗೆ ಓಡಿ ನಿಂತು ಗಾಡಿಗೆ ದಾರಿ ತೋರಿಸಿ. ಇನ್ನಿಬ್ಬರು ವಾಹನ ತೆಗೆಸಿ. ನೋಡಲು ಬಂದವರ ಬೈಕುಗಳೇ ಎರಡನೆಯ ಗಾಡಿಯನ್ನು ತಡೆಯುವುದು ಹೆಚ್ಚು. ಅವರನ್ನು ಬೀದಿಯ ಬಾಯಲ್ಲೇ ನಿಲ್ಲಿಸಿ. ಚರಂಡಿಯ ಹಳೆಯ ಚಪ್ಪಡಿ ಎಲ್ಲಿ ಟೊಳ್ಳಾಗಿದೆ ಎಂದು ಚಾಲಕನಿಗೆ ಮೊದಲೇ ಹೇಳಿ. ನೀರೊಂದೇ ನಾಲ್ಕೂವರೆ ಟನ್ ತೂಗುವ ಗಾಡಿಯ ಚಕ್ರ ಅಲ್ಲಿ ಕುಸಿದರೆ ಮತ್ತೆ ಮೇಲೇಳುವುದು ಕಷ್ಟ.

ರಸ್ತೆಯಲ್ಲಿ ಸೈರನ್ ಕೇಳಿದಾಗ ದಾರಿ ಬಿಡದಿದ್ದರೆ ಮೋಟಾರು ವಾಹನ ಕಾಯ್ದೆಯ ಪ್ರಕಾರ 10,000 ರೂಪಾಯಿ ದಂಡವಿದೆ, ಜೈಲೂ ಆಗಬಹುದು. ಮನೆಮುಂದೆ ನಿದ್ದೆ ಹೋಗಿರುವ ಕಾರಿಗೆ ಸೈರನ್ ಕೇಳಿಸುವುದಿಲ್ಲ. ಹಾಗಾಗಿ ಈ ಭಾನುವಾರ ರಾತ್ರಿ 11 ಗಂಟೆಗೆ, ಎಲ್ಲರ ವಾಹನವೂ ಬಂದು ನಿಂತ ಮೇಲೆ, ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಅಳೆಯುತ್ತಾ ನಡೆಯೋಣ. 13 ಅಡಿಗಿಂತ ಕಡಿಮೆ ಇರುವ ಜಾಗವನ್ನೆಲ್ಲ ಸುಣ್ಣದಲ್ಲಿ ಗುರುತು ಮಾಡೋಣ. ಟೇಪು ನನ್ನ ಹತ್ತಿರ ಇದೆ, ಸುಣ್ಣ ನೀವು ತನ್ನಿ.