ಎರಡಕ್ಕೂ ಒಂದೇ ಸೇರು

ಪುಟ್ಟೀ, ನೀನು ಕಳಿಸಿದ ವಿಡಿಯೊದ ಬರಹ ಓದಿದೆ. ಅಡಿಕೆ ಮಾರಿ ಬಂದ ಒಂದು ಲಕ್ಷವನ್ನು ಐದು ವರ್ಷ ಬ್ಯಾಂಕಿನ ಎಫ್‌ಡಿಯಲ್ಲಿ ಇಡಬೇಕೋ, ಅಂಚೆ ಕಚೇರಿಯ ಎನ್‌ಎಸ್‌ಸಿಯಲ್ಲೋ? ಜಯಪುರದ ಮನೆಗಳಲ್ಲಿ ನಿಜವಾಗಿ ಕೇಳುವ ಪ್ರಶ್ನೆಯನ್ನೇ ಹಿಡಿದಿದ್ದೀಯ. ಬರಹದಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ತಕ್ಕಡಿ ಒಂದು ಕಡೆ ವಾಲಿದೆ, ಅದು ನಿನ್ನ ಗಮನಕ್ಕೂ ಬಂದಿಲ್ಲ.

ಎರಡನೆಯ ಸಾಲು ನೋಡು: ‘ಎಫ್‌ಡಿ ಇಳುವರಿ ಶೇ 8.3, ಎನ್‌ಎಸ್‌ಸಿ ಬಡ್ಡಿ ಶೇ 7.7.’ ಕೇಳಿದವರು ಬ್ಯಾಂಕಿನ ಕಡೆ ಹೊರಟೇಬಿಡುತ್ತಾರೆ. ಆದರೆ ನೀನು ತೆಗೆದುಕೊಂಡ ಎಫ್‌ಡಿಯ ಬಡ್ಡಿ ದರ ಶೇ 7 ಮಾತ್ರ. ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಸೇರಿ ಐದು ವರ್ಷಕ್ಕೆ ಒಂದು ಲಕ್ಷ 1,41,478 ರೂಪಾಯಿ ಆಗುತ್ತದೆ. ಹೆಚ್ಚಾದ 41,478ನ್ನು ಐದರಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು 8,300, ಅದನ್ನೇ ಬ್ಯಾಂಕಿನವರು ಶೇ 8.3 ಇಳುವರಿ ಎಂದು ಕರೆದಿದ್ದಾರೆ. ಎನ್‌ಎಸ್‌ಸಿಯ ಶೇ 7.7ಕ್ಕೆ ವರ್ಷಕ್ಕೊಮ್ಮೆ ಚಕ್ರಬಡ್ಡಿ. ಐದು ವರ್ಷಕ್ಕೆ ಅದೇ ಲಕ್ಷ 1,44,903 ಆಗುತ್ತದೆ. ಇದನ್ನೂ ಹಾಗೇ ಭಾಗಿಸಿದರೆ ಇಳುವರಿ ಹತ್ತಿರ ಹತ್ತಿರ ಶೇ 9! ಒಂದನ್ನು ದೊಡ್ಡ ಸೇರಿನಲ್ಲಿ, ಇನ್ನೊಂದನ್ನು ಸಣ್ಣ ಸೇರಿನಲ್ಲಿ ಅಳೆದ ಹಾಗಾಯಿತು. ಆದ್ದರಿಂದ ಶೇಕಡಾ ಲೆಕ್ಕವನ್ನು ಪಕ್ಕಕ್ಕಿಟ್ಟು, ಒಂದು ಲಕ್ಷ ಇಟ್ಟರೆ ಐದು ವರ್ಷಕ್ಕೆ ಕೈಗೆ ಬರುವ ರೂಪಾಯಿಯನ್ನು ಎರಡಕ್ಕೂ ತೋರಿಸು. ತೆರಿಗೆ ಎರಡರ ಬಡ್ಡಿಗೂ ಇದೆ. ಅಡಿಕೆಯ ದುಡ್ಡಿಗೆ ತೆರಿಗೆ ಇಲ್ಲವೆಂದು ಅದರಿಂದ ಹುಟ್ಟಿದ ಬಡ್ಡಿಗೂ ಇಲ್ಲ ಅಂದುಕೊಂಡವರು ನಮ್ಮಲ್ಲಿ ಬೇಕಾದಷ್ಟು ಜನ. ಅದನ್ನೂ ಒಂದು ಮಾತಿನಲ್ಲಿ ಹೇಳಿಬಿಡು.

ಹಾಗಂತ ಎನ್‌ಎಸ್‌ಸಿ ಗೆದ್ದಿತು ಎಂದು ವಿಡಿಯೊ ಮುಗಿಸಿದರೆ ತಕ್ಕಡಿ ಇನ್ನೊಂದು ಕಡೆ ವಾಲಿತು. ನಮ್ಮ ಸೀಮೆಯಲ್ಲಿ ಮಳೆ ಜಾಸ್ತಿಯಾದರೆ ಕೊಳೆ ರೋಗ, ಕೆಲವು ತೋಟಗಳಿಗೆ ಹಳದಿ ಎಲೆ ರೋಗ. ಐದು ವರ್ಷ ಮುಟ್ಟುವುದಿಲ್ಲ ಎಂದು ಇಟ್ಟ ದುಡ್ಡನ್ನು ಎರಡೇ ವರ್ಷಕ್ಕೆ ಮುಟ್ಟಬೇಕಾಗಬಹುದು. ಎಫ್‌ಡಿಯನ್ನು ಮುರಿಸಬಹುದು. ಸಾಮಾನ್ಯವಾಗಿ ಇಟ್ಟಷ್ಟು ಅವಧಿಯ ದರವನ್ನೇ ಕೊಟ್ಟು, ಅದರಲ್ಲೂ ಸ್ವಲ್ಪ ದಂಡ ಹಿಡಿಯುತ್ತಾರೆ. ಎರಡು ವರ್ಷದ ದರ ಶೇ 6.75, ದಂಡ ಶೇ 1 ಅಂದುಕೊಂಡರೆ ಕೈಗೆ ಬರುವುದು ಸುಮಾರು 1,12,100. ಎನ್‌ಎಸ್‌ಸಿಯನ್ನು, ಖಾತೆದಾರರ ಸಾವು, ಕೋರ್ಟಿನ ಆದೇಶದಂಥ ಸಂದರ್ಭ ಬಿಟ್ಟರೆ, ಮಧ್ಯದಲ್ಲಿ ಮುರಿಸಲು ಬರುವುದಿಲ್ಲ. ಅಡವಿಟ್ಟು ಸಾಲ ಪಡೆಯಬಹುದು, ಆದರೆ ಸಾಲಕ್ಕೆ ಬಡ್ಡಿ ಕಟ್ಟಬೇಕು. ನಿನ್ನ ಬರಹದಲ್ಲಿ ಈ ವಿಷಯ ಕೊನೆಗೆ ‘ಷರತ್ತು ಅನ್ವಯ’ ಎಂಬ ಎರಡು ಪದದಲ್ಲಿ ಮುಗಿದಿದೆ. ನನ್ನ ಕಣ್ಣಿಗೆ ಇಡೀ ವಿಡಿಯೊದ ಮುಖ್ಯ ಭಾಗ ಇದೇ, ಹೆಚ್ಚು ಹೊತ್ತು ಇದಕ್ಕೇ ಕೊಡು. ದುಡ್ಡಿನ ಭದ್ರತೆಯ ಮಾತೂ ಹೀಗೇ ಎರಡು ಕಡೆಯದ್ದೂ ಬರಲಿ: ಎನ್‌ಎಸ್‌ಸಿಗೆ ಕೇಂದ್ರ ಸರ್ಕಾರವೇ ಹೊಣೆ. ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ ಬಡ್ಡಿಯೂ ಸೇರಿ 5 ಲಕ್ಷದವರೆಗೆ ವಿಮೆ ಇದೆ.

ಯಾವ ಪ್ರಶ್ನೆಗಳನ್ನು ಕೇಳುತ್ತೀಯ ಎಂಬುದನ್ನು ಉತ್ತರ ಹುಡುಕುವ ಮೊದಲೇ ಬರೆದಿಡು. ಅವಧಿ ತುಂಬಿದಾಗ ಎಷ್ಟು, ನಡುವೆ ಬೇಕಾದರೆ ಏನು, ಭದ್ರತೆ ಹೇಗೆ: ಇಷ್ಟು ಸಾಕು. ಉತ್ತರ ಸಿಕ್ಕ ಮೇಲೆ ಪ್ರಶ್ನೆ ಆರಿಸಿದರೆ, ನಮಗೆ ಇಷ್ಟವಾದದ್ದು ಗೆಲ್ಲುವ ಪ್ರಶ್ನೆಗಳೇ ಉಳಿದುಕೊಳ್ಳುತ್ತವೆ. ಒಂದು ಪ್ರಶ್ನೆಗೆ ಎಫ್‌ಡಿಯನ್ನು ಮೊದಲು ಹೇಳಿದರೆ ಮುಂದಿನದಕ್ಕೆ ಎನ್‌ಎಸ್‌ಸಿಯನ್ನು ಮೊದಲು ಹೇಳು.

ಆಮೇಲೆ ಬರಹದಲ್ಲಿ ಎರಡರ ಹೆಸರನ್ನೂ ಅದಲುಬದಲು ಮಾಡಿ ಗಟ್ಟಿಯಾಗಿ ಓದು. ‘ಸುಲಭವಾಗಿ ತೆರೆಯಬಹುದಾದ ಎಫ್‌ಡಿ’, ‘ಸರದಿಯಲ್ಲಿ ನಿಂತು ಮಾಡಿಸಬೇಕಾದ ಎನ್‌ಎಸ್‌ಸಿ’ ಎಂದು ಬರೆದಿದ್ದೀಯಲ್ಲ, ಹೆಸರು ಬದಲಾದ ಕೂಡಲೇ ಆ ವಿಶೇಷಣಗಳು ನಿನ್ನ ಬಾಯಿಗೇ ಅಡ್ಡ ಬರುತ್ತವೆ. ಬ್ಯಾಂಕಿನಲ್ಲೂ ಸರದಿ ಇರುತ್ತದೆ ಮಾರಾಯ್ತಿ! ಅಡ್ಡ ಬಂದದ್ದನ್ನು ಕಿತ್ತು ಹಾಕು, ಇಲ್ಲವೇ ಎರಡಕ್ಕೂ ಅಂಥದ್ದೇ ವಿವರ ಕೊಡು. ಎಡಿಟ್ ಆದ ಮೇಲೆ ಯಾವುದಕ್ಕೆ ಎಷ್ಟು ಸೆಕೆಂಡ್ ಸಿಕ್ಕಿದೆ ಎಂದೂ ಎಣಿಸು. ಸಮ ಇರಲೇಬೇಕೆಂದಿಲ್ಲ, ಆದರೆ ಹೆಚ್ಚು ಸಿಕ್ಕಿದ್ದಕ್ಕೆ ಕಾರಣ ಹೇಳಲು ಬರಬೇಕು.

ನಿನ್ನ ಅತ್ತೆ ಅಂಚೆ ಉಳಿತಾಯದ ಏಜೆಂಟ್, ಅವರಿಗೆ ಕಮಿಷನ್ ಬರುತ್ತದೆ. ಇದನ್ನು ವಿಡಿಯೊದ ಕೆಳಗಿನ ವಿವರಣೆಯಲ್ಲಿ ಹುದುಗಿಸಬೇಡ, ಮೊದಲ ನಿಮಿಷದಲ್ಲೇ ಬಾಯಿಬಿಟ್ಟು ಹೇಳು, ಪರದೆಯ ಮೇಲೂ ಬರೆ. ಹಣ ಅಥವಾ ಉಡುಗೊರೆ ಪಡೆದು ಪ್ರಚಾರ ಮಾಡುವವರು ಆ ನಂಟನ್ನು ವಿಡಿಯೊದಲ್ಲಿ ಮಾತಿನಲ್ಲೂ ದೃಶ್ಯದಲ್ಲೂ ತಿಳಿಸಬೇಕೆಂದು ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲೇ ಸೂಚಿಸಿದೆ. ನಿನಗೆ ಯಾರೂ ದುಡ್ಡು ಕೊಟ್ಟಿಲ್ಲ ನಿಜ, ಆದರೆ ನೋಡುವವರಿಗೆ ಅದು ಗೊತ್ತಿಲ್ಲವಲ್ಲ.

ಕೊನೆಯಲ್ಲಿ ‘ವಿಜೇತ’ ಎಂದು ಪಟ್ಟಿ ಹಾಕಿದ್ದೀಯ, ತೆಗೆದುಬಿಡು. ಐದು ವರ್ಷ ಮುಟ್ಟದೆ ಇರಬಲ್ಲವರಿಗೆ ಯಾವುದು, ತೋಟದ ಖರ್ಚಿಗೆ ನಡುವೆ ಕೈ ಹಾಕಬೇಕಾದವರಿಗೆ ಯಾವುದು ಎಂದು ಎರಡು ವಾಕ್ಯ ಹೇಳು. ದರ ಯಾವ ತಾರೀಕಿನದು ಎಂದೂ ಪರದೆಯಲ್ಲಿ ಬರೆ. ಎನ್‌ಎಸ್‌ಸಿ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ, ಬ್ಯಾಂಕಿನವರು ಯಾವಾಗ ಬೇಕಾದರೂ ಬದಲಿಸಬಹುದು. ಚಿತ್ರೀಕರಣದ ದಿನ ಎರಡೂ ದರವನ್ನು ಇನ್ನೊಮ್ಮೆ ಕೇಳಿಕೊಂಡೇ ಕ್ಯಾಮೆರಾ ಮುಂದೆ ಕೂರು.