ದೈನಂದಿನ ವರದಿಯಲ್ಲಿ ನಕ್ಷೆಯ ಆಯ್ಕೆ: ದೆಹಲಿಯ ವಾಯು ಗುಣಮಟ್ಟ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಸಂಜೆ 4 ಗಂಟೆಗೆ ಪ್ರಕಟಿಸುವ ವಾಯು ಗುಣಮಟ್ಟ ಸೂಚ್ಯಂಕವು ಹಿಂದಿನ 24 ಗಂಟೆಗಳ ಸರಾಸರಿಯನ್ನು ಆಧರಿಸುತ್ತದೆ. ದೆಹಲಿಯಲ್ಲಿ ಈ ಸೂಚ್ಯಂಕವು 201, 301, 401ನ್ನು ಮುಟ್ಟಿದಾಗ ಮತ್ತು 450ನ್ನು ಮೀರಿದಾಗ ಶ್ರೇಣೀಕೃತ ಪ್ರತಿಕ್ರಿಯಾ ಕ್ರಿಯಾಯೋಜನೆಯ (ಗ್ರಾಪ್) ನಾಲ್ಕು ಹಂತಗಳು ಕ್ರಮವಾಗಿ ಅನ್ವಯವಾಗುವುದರಿಂದ, ಪ್ರವೃತ್ತಿಯನ್ನು, ಅಂದರೆ ದಿನದಿಂದ ದಿನಕ್ಕೆ ಏರಿಳಿಯುವ ದಿಕ್ಕನ್ನು, ತೋರಿಸಲು ಈ ಮಿತಿಗಳನ್ನು ಅಡ್ಡಗೆರೆಗಳಾಗಿ ಎಳೆದ ರೇಖಾನಕ್ಷೆಯೇ ಸೂಕ್ತ. ಮಾಪನ ಕೇಂದ್ರಗಳ ಸೂಚ್ಯಂಕಗಳು ಒಂದು ಮೊತ್ತದ ಭಾಗಗಳಲ್ಲವಾದ್ದರಿಂದ ವೃತ್ತನಕ್ಷೆ ಇಲ್ಲಿ ಅರ್ಥಹೀನ; ಅವುಗಳ ಹೋಲಿಕೆಗೆ ಇಳಿಕೆಯ ಕ್ರಮದಲ್ಲಿ ಜೋಡಿಸಿದ, ಸೊನ್ನೆಯಿಂದ ಆರಂಭವಾಗುವ ಅಡ್ಡ ಸ್ತಂಭನಕ್ಷೆ ಬೇಕು.

ಹೆಚ್ಚು ಎಚ್ಚರ ಬೇಕಾಗುವುದು ಅಪವಾದಗಳನ್ನು, ಅಂದರೆ ವಾಡಿಕೆಯನ್ನು ಮೀರಿದ ಮೌಲ್ಯಗಳನ್ನು, ಗುರುತಿಸುವಲ್ಲಿ. ಉದಾಹರಣೆಗೆ, ಒಂದು ಕೇಂದ್ರದಲ್ಲಿ ಪಿಎಂ 2.5 ಕಣಗಳ ಸಾಂದ್ರತೆಯು 18 ಗಂಟೆ ಘನಮೀಟರಿಗೆ 60 ಮೈಕ್ರೋಗ್ರಾಂ, ರಾತ್ರಿಯ 6 ಗಂಟೆ 180 ಮೈಕ್ರೋಗ್ರಾಂ ಇದ್ದರೆ ಸರಾಸರಿ 90 ಆಗುತ್ತದೆ. ಇದು ‘ಮಧ್ಯಮ’ ವರ್ಗದ ಮೇಲ್ಮಿತಿಯಾದ್ದರಿಂದ ರೇಖೆಯು ರಾತ್ರಿಯ ತೀವ್ರತೆಯನ್ನು ಅಡಗಿಸಿಬಿಡುತ್ತದೆ. ಸಾಲುಗಳಲ್ಲಿ ಕೇಂದ್ರಗಳನ್ನೂ ಕಂಬಗಳಲ್ಲಿ ಗಂಟೆಗಳನ್ನೂ ಇಟ್ಟು, ಸಾಂದ್ರತೆಗೆ ತಕ್ಕಂತೆ ಒಂದೇ ಬಣ್ಣವನ್ನು ಗಾಢಗೊಳಿಸುವ ಉಷ್ಣನಕ್ಷೆ (ಹೀಟ್‌ಮ್ಯಾಪ್) ಆ ಆರು ಗಂಟೆಗಳನ್ನು ಗಾಢ ಪಟ್ಟಿಯಾಗಿ ಎತ್ತಿ ತೋರಿಸುತ್ತದೆ.

ಅಳತೆ ದೊರೆಯದ ಗಂಟೆಯನ್ನು ಸೊನ್ನೆಯೆಂದು ತುಂಬಿದರೆ ಕೆಟ್ಟುನಿಂತ ಉಪಕರಣವು ಶುದ್ಧ ಗಾಳಿಯಂತೆ ಕಾಣುವುದರಿಂದ, ಆ ಚೌಕವನ್ನು ಬೂದುಬಣ್ಣದಲ್ಲಿ ಬಿಡುವುದೂ ರೇಖೆಯನ್ನು ಅಲ್ಲಿ ತುಂಡರಿಸುವುದೂ ಅಗತ್ಯ.