ಒಂದು ಕಂದು, ನೂರಾರು ಬಾಳೆಸಸಿ: ತಳಿ ಕೆಡದಂತೆ ಬೆಳೆಸುವುದು ಹೇಗೆ?

ಜಿ-9 ಬಾಳೆಯ ಟಿಶ್ಯೂ ಕಲ್ಚರ್ ಸಸಿ ಕೊಳ್ಳಲು ಹೋದವರು ಮೊದಲು ಕೇಳುವುದು ದರ. ಅದಕ್ಕಿಂತ ಮುಖ್ಯವಾಗಿ ಕೇಳಬೇಕಾದ ಪ್ರಶ್ನೆಗಳು ಎರಡಿವೆ. ಈ ಸಸಿ ಎಂಥ ತಾಯಿಗಿಡದ ಕಂದಿನಿಂದ ಬಂತು? ಬಾಟಲಿಯೊಳಗೆ ಅದನ್ನು ಎಷ್ಟು ಸುತ್ತು ಕತ್ತರಿಸಿ ಹೆಚ್ಚಿಸಿದ್ದಾರೆ? ಗೊನೆ ತಾಯಿಯಂತೆಯೇ ಬರುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಈ ಎರಡು ಉತ್ತರಗಳ ಮೇಲೆ ನಿಂತಿದೆ.

ಮೊದಲ ಹೆಜ್ಜೆ ಹೊಲದಲ್ಲಿ. ತಾಯಿಗಿಡವನ್ನು ಗೊನೆ ಬಿಟ್ಟ ಮೇಲೆಯೇ ಆರಿಸಬೇಕು. ಚಿಪ್ಪುಗಳ ಸಂಖ್ಯೆ, ಕಾಯಿಯ ಉದ್ದ, ಗಿಡದ ಎತ್ತರ ಎಲ್ಲ ಆಗ ಕಣ್ಣಿಗೆ ಕಾಣುತ್ತವೆ. ಬಳಿಕ ಅದರ ಎಲೆಯನ್ನು ಬಂಚಿ ಟಾಪ್, ಸೌತೆ ಮೊಸಾಯಿಕ್ ಮುಂತಾದ ನಂಜುರೋಗಗಳ ಪರೀಕ್ಷೆಗೆ ಕಳಿಸಬೇಕು. ತಾಯಿಯಲ್ಲಿ ನಂಜು ಇದ್ದರೆ ಅದು ಸುಳಿಯ ಜೊತೆಗೇ ಬಾಟಲಿ ಸೇರಿ, ಪ್ರತಿ ಸಸಿಗೂ ಹಂಚಿಹೋಗಬಹುದು. ಹೊರಗಿನಿಂದ ತೊಳೆದರೆ ಹೋಗುವಂಥದ್ದಲ್ಲ ಅದು.

ಪರೀಕ್ಷೆಯಲ್ಲಿ ಗೆದ್ದ ಗಿಡದಿಂದ ಕಿರಿದಾದ ಎಲೆಗಳ ಗಟ್ಟಿ ಕತ್ತಿಕಂದನ್ನು ಕಿತ್ತು ತರುತ್ತಾರೆ. ಬೇರು, ಮಣ್ಣು, ಹೊರಪದರಗಳನ್ನು ಒಂದೊಂದಾಗಿ ಕೆತ್ತುತ್ತ ಹೋದರೆ ನಡುವೆ ಬಿಳಿಯ ಸುಳಿ ಸಿಗುತ್ತದೆ. ತುಸು ಗಡ್ಡೆಯ ಸಮೇತ ಒಂದೆರಡು ಸೆಂಟಿಮೀಟರ್ ತುಂಡನ್ನು ಉಳಿಸಿಕೊಂಡು, ಸೂಕ್ಷ್ಮಾಣುನಾಶಕದಲ್ಲಿ ತೊಳೆದು, ಶುದ್ಧಗಾಳಿಯ ಪೆಟ್ಟಿಗೆಯೊಳಗೆ ಬಾಟಲಿಗೆ ಇಳಿಸುತ್ತಾರೆ. ಕತ್ತರಿಸಿದ ಬಾಳೆ ಬೇಗ ಕಪ್ಪಾಗುತ್ತದೆ. ಹಾಗಾಗಿ ಮೊದಲ ದಿನಗಳಲ್ಲಿ ತುಂಡನ್ನು ಮತ್ತೆ ಮತ್ತೆ ಹೊಸ ಮಾಧ್ಯಮಕ್ಕೆ ಬದಲಿಸುತ್ತಿರಬೇಕು.

ಮಾಧ್ಯಮ ಎಂದರೆ ಗಿಡದ ಊಟ. ಮುರಶಿಗೆ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು 1962ರಲ್ಲಿ ಪ್ರಕಟಿಸಿದ ಲವಣಗಳ ಮಿಶ್ರಣ, ಲೀಟರಿಗೆ 30 ಗ್ರಾಂ ಸಕ್ಕರೆ, ಗಟ್ಟಿಯಾಗಲು ಅಗರ್. ಪಿಎಚ್ 5.8ರ ಆಸುಪಾಸಿನಲ್ಲಿರಬೇಕು. ಇದಕ್ಕೆ ಬಿಎಪಿ ಎಂಬ ಸಸ್ಯಚೋದಕವನ್ನು ಲೀಟರಿಗೆ ಸಾಮಾನ್ಯವಾಗಿ 3ರಿಂದ 5 ಮಿಲಿಗ್ರಾಂ ಸೇರಿಸುತ್ತಾರೆ. ನಡುಸುಳಿಯು ಪಕ್ಕದ ಮೊಗ್ಗುಗಳನ್ನು ಬೆಳೆಯಗೊಡದೆ ತಡೆದಿಟ್ಟಿರುತ್ತದೆ. ಸುಳಿಯನ್ನು ಉದ್ದಕ್ಕೆ ಸೀಳಿ ಬಿಎಪಿ ಕೊಟ್ಟಾಗ ಆ ತಡೆ ಸಡಿಲಾಗಿ ಎಲೆಬುಡದ ಮೊಗ್ಗುಗಳು ಚಿಗುರುತ್ತವೆ. ಮೂರು-ನಾಲ್ಕು ವಾರಕ್ಕೊಮ್ಮೆ ಆ ಚಿಗುರುಗಳನ್ನು ಬಿಡಿಸಿ ಹೊಸ ಬಾಟಲಿಗೆ ಹಾಕುವುದೇ ಒಂದು ಸುತ್ತು. ಬುಡದ ಸುತ್ತ ಹಾಲಿನಂಥ ಮಬ್ಬು ಕಂಡರೆ ಒಳಗೆ ಅಡಗಿದ್ದ ಬ್ಯಾಕ್ಟೀರಿಯಾ ಹೊರಬಂದಿದೆ ಎಂದರ್ಥ. ಆ ಬಾಟಲಿಯನ್ನು ಕುದಿಸಿ ಎಸೆಯಬೇಕು.

ಸಸಿಗಳು ತಾಯಿಯನ್ನೇ ಹೋಲುವುದೇಕೆ? ಜಿ-9ರ ಜೀವಕೋಶದಲ್ಲಿ ವರ್ಣತಂತುಗಳ ಮೂರು ಗುಂಪುಗಳಿವೆ, ಒಟ್ಟು 33. ಬೀಜ ಕಟ್ಟಲು ಅವು ಎರಡು ಸಮಪಾಲಾಗಬೇಕು. ಮೂರು ಗುಂಪು ಸಮಪಾಲಾಗುವುದಿಲ್ಲ, ಆದ್ದರಿಂದ ಬೀಜವಿಲ್ಲ. ಗಂಡು-ಹೆಣ್ಣಿನ ಗುಣಗಳು ಬೆರೆಯುವ ಪ್ರಸಂಗವೇ ಇಲ್ಲಿ ಬರುವುದಿಲ್ಲ. ಬಾಟಲಿಯಲ್ಲಿ ನಡೆಯುವುದು ಒಂದು ಕೋಶ ತನ್ನ ವರ್ಣತಂತುಗಳನ್ನು ನಕಲು ಮಾಡಿಕೊಂಡು ಎರಡಾಗುವ ಸಾದಾ ವಿಭಜನೆ ಮಾತ್ರ. ಹೊಲದಲ್ಲಿ ಕಂದು ಹುಟ್ಟುವುದೂ ಹೀಗೆಯೇ. ಜೊತೆಗೆ ಇನ್ನೊಂದು ಕಾರಣವಿದೆ: ಇಲ್ಲಿ ಬೆಳೆಯುವುದು ಮೊದಲೇ ರೂಪುಗೊಂಡ ಸುಳಿ ಮತ್ತು ಅದರ ಪಕ್ಕದ ಮೊಗ್ಗುಗಳು. ಅಂಗಾಂಶ ತನ್ನ ರಚನೆ ಕಳೆದುಕೊಂಡು ಆಕಾರವಿಲ್ಲದ ಮುದ್ದೆಯಾಗಿ, ಆಮೇಲೆ ಅದರಿಂದ ಚಿಗುರು ಹುಟ್ಟಿದರೆ ಬದಲಾವಣೆಯ ಅಪಾಯ ಹೆಚ್ಚು.

ಹಾಗಿದ್ದರೂ ಒಮ್ಮೊಮ್ಮೆ ತಳಿ ಕೆಡುತ್ತದೆ. ನಕಲು ಮಾಡುವಾಗ ಎಲ್ಲೋ ಒಂದು ಕೋಶದಲ್ಲಿ ತಪ್ಪಾಗುತ್ತದೆ. ಆ ತಪ್ಪು ಯಾವ ಸುತ್ತಿನಲ್ಲಿ ಆಯಿತು ಎಂಬುದು ಬಹಳ ಮುಖ್ಯ. ಲೆಕ್ಕ ಹಾಕಿ ನೋಡೋಣ. ಒಂದು ಚಿಗುರು ಪ್ರತಿ ಸುತ್ತಿಗೆ ಮೂರಾಗುತ್ತದೆ ಎಂದುಕೊಳ್ಳಿ. ಆರು ಸುತ್ತಿಗೆ 729 ಸಸಿಗಳಾಗುತ್ತವೆ. ಕೊನೆಯ ಸುತ್ತಿನಲ್ಲಿ ಒಂದು ಚಿಗುರು ಕೆಟ್ಟರೆ ಕೆಟ್ಟ ಸಸಿ ಒಂದೇ. ಎರಡನೆಯ ಸುತ್ತು ಮುಗಿದಾಗ ಇದ್ದ ಒಂಬತ್ತರಲ್ಲಿ ಒಂದು ಕೆಟ್ಟಿದ್ದರೆ ಕೊನೆಗೆ 81 ಸಸಿ ಕೆಟ್ಟಿರುತ್ತವೆ. ಮೊದಲ ಸುತ್ತಿನ ಮೂರರಲ್ಲೇ ಒಂದು ಕೆಟ್ಟಿದ್ದರೆ 243. ಇನ್ನೂ ಎರಡು ಸುತ್ತು ಎಳೆದರೆ ಈ 243 ಎಂಬುದು 2,187 ಆಗುತ್ತದೆ, ಜೊತೆಗೆ ಹೊಸ ತಪ್ಪುಗಳೂ ಸೇರುತ್ತವೆ. ಆದ್ದರಿಂದಲೇ ಒಳ್ಳೆಯ ಪ್ರಯೋಗಾಲಯಗಳು ಸುತ್ತುಗಳನ್ನು ಎಂಟರೊಳಗೆ, ಒಂದು ಕಂದಿನ ಸಸಿಗಳನ್ನು ಸುಮಾರು ಸಾವಿರದೊಳಗೆ ನಿಲ್ಲಿಸಿ ಹೊಸ ಕಂದು ತರುತ್ತವೆ. ಒಂದೇ ಕಂದನ್ನು ವರ್ಷಗಟ್ಟಲೆ ಎಳೆಯುವುದು ಅಗ್ಗವಾಗಬಹುದು, ಆದರೆ ಅದರ ಬೆಲೆ ತೆರುವವನು ರೈತ.

ಬಿಎಪಿ ಮಿತಿಮೀರಿದರೂ ಅಪಾಯವಿದೆ. ಬಾಟಲಿಯಲ್ಲಿ ಬಿಡಿಬಿಡಿಯಾದ ಚಿಗುರುಗಳ ಬದಲು ಹೂಕೋಸಿನಂಥ ಬಿಳಿ ಗಂಟುಗಳು ಎದ್ದರೆ ಅವನ್ನು ಮುಂದಿನ ಸುತ್ತಿಗೆ ಬಳಸಬಾರದು.

ಚಿಗುರುಗಳು ಸಾಕಷ್ಟಾದ ಮೇಲೆ ಬಿಎಪಿ ನಿಲ್ಲಿಸಿ, ಬೇರುಚೋದಕವಿರುವ ಮಾಧ್ಯಮಕ್ಕೆ ಹಾಕುತ್ತಾರೆ. ಬೇರು ಬಂದ ಸಸಿಯ ಅಗರನ್ನು ತೊಳೆದು ತೆಂಗಿನ ನಾರಿನ ಪುಡಿ ತುಂಬಿದ ಟ್ರೇಗಳಲ್ಲಿ, ಹೆಚ್ಚು ತೇವದ ನೆರಳುಮನೆಯಲ್ಲಿ ನಾಲ್ಕಾರು ವಾರ ಬೆಳೆಸುತ್ತಾರೆ. ಆಮೇಲೆ ಪಾಲಿಥೀನ್ ಚೀಲದಲ್ಲಿ ಮತ್ತೆ ಅಷ್ಟೇ ಕಾಲ. ಒಂದಡಿ ಎತ್ತರ, ಐದಾರು ಎಲೆ ಬಂದ ಸಸಿ ನಾಟಿಗೆ ಸಿದ್ಧ.

ಕೆಟ್ಟ ಸಸಿಯನ್ನು ಗುರುತಿಸಲು ಈ ಚೀಲದ ಹಂತವೇ ಸರಿಯಾದ ಕಾಲ. ಜಿ-9ರಲ್ಲಿ ಹೆಚ್ಚಾಗಿ ಕಾಣುವ ವ್ಯತ್ಯಾಸ ಕುಳ್ಳತನ. ಎಲೆಯ ತೊಟ್ಟು ಗಿಡ್ಡ, ಎಲೆ ಉದ್ದಕ್ಕಿಂತ ಅಗಲಕ್ಕೆ ಹರಡಿ ಒಂದರ ಮೇಲೊಂದು ಒತ್ತಿಕೊಂಡಿರುತ್ತದೆ. ಇಂಥ ಗಿಡದಲ್ಲಿ ಗೊನೆ ಸಲೀಸಾಗಿ ಹೊರಬರದೆ ಎಲೆಗಳ ನಡುವೆ ಸಿಕ್ಕಿಕೊಳ್ಳುವುದುಂಟು. ಬಂಚಿ ಟಾಪ್ ತಗುಲಿದ ಸಸಿಯೂ ಹೀಗೇ ಮುದುಡಿರುತ್ತದೆ. ಆದರೆ ಅದರ ಎಲೆಯನ್ನು ಬೆಳಕಿಗೆ ಹಿಡಿದರೆ ನರಗಳಗುಂಟ ಕಡುಹಸಿರು ಚುಕ್ಕಿ-ಗೆರೆಗಳು ಕಾಣುತ್ತವೆ. ಕುಳ್ಳ ಸಸಿಯಲ್ಲಿ ಅವು ಇರುವುದಿಲ್ಲ. ಬಿಳಿ ಅಥವಾ ತೆಳುಹಸಿರು ಪಟ್ಟೆ ಎದ್ದ ಎಲೆಯ ಸಸಿಯನ್ನೂ ಬೇರ್ಪಡಿಸಿ. ಎಳೆಯ ಎಲೆಯ ಮೇಲಿನ ಕೆಂಗಂದು ಮಚ್ಚೆಗಳಿಗೆ ಮಾತ್ರ ಹೆದರಬೇಡಿ. ಟಿಶ್ಯೂ ಕಲ್ಚರ್ ಸಸಿಯ ಎಳೆತನದ ಲಕ್ಷಣ ಅದು, ಬೆಳೆದಂತೆ ಮಾಯವಾಗುತ್ತದೆ.

ಡಿಎನ್‌ಎ ಪರೀಕ್ಷೆಯೂ ಇದೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಪ್ರಮಾಣೀಕರಣ ವ್ಯವಸ್ಥೆಯಲ್ಲಿ ನಂಜುಪರೀಕ್ಷೆಯ ಜೊತೆ ತಳಿಶುದ್ಧತೆಯ ಪರೀಕ್ಷೆಯೂ ಸೇರಿದೆ. ಆದರೆ ಈ ಪರೀಕ್ಷೆ ನೋಡುವುದು ಡಿಎನ್‌ಎಯ ಕೆಲವೇ ಭಾಗಗಳನ್ನು, ಅದೂ ಮಾದರಿಗೆ ತೆಗೆದ ಸಸಿಗಳಲ್ಲಿ. ಕಣ್ಣಿನ ಆಯ್ಕೆಗೆ ಅದು ಬದಲಿಯಲ್ಲ.

ತಳಿಶುದ್ಧ ಎಂದ ಮಾತ್ರಕ್ಕೆ ರೋಗ ತಡೆಯುತ್ತದೆ ಎಂದಲ್ಲ. ನಂಜನಗೂಡು ರಸಬಾಳೆಗೆ ಪನಾಮಾ ಸೊರಗು ರೋಗ ಬೇಗ ತಗಲುತ್ತದೆ. ಅದರ ಟಿಶ್ಯೂ ಕಲ್ಚರ್ ಸಸಿ ರೋಗವಿಲ್ಲದೆ ಹೊಲಕ್ಕೆ ಬರಬಹುದು, ಆದರೆ ತಾಯಿಯ ದೌರ್ಬಲ್ಯವನ್ನೂ ಯಥಾವತ್ತಾಗಿ ತರುತ್ತದೆ. ಸೊರಗು ಶಿಲೀಂಧ್ರವಿರುವ ಮಣ್ಣಿಗೆ ನೆಟ್ಟರೆ ಮತ್ತೆ ಸೊರಗುತ್ತದೆ.

ಆರಡಿಗೆ ಆರಡಿಯಂತೆ ನೆಟ್ಟರೆ ಎಕರೆಗೆ 1,210 ಗಿಡ. ನೂರಕ್ಕೆ ಐದು ಕೆಟ್ಟಿದ್ದರೂ 60 ಗೊನೆ ಕೈತಪ್ಪುತ್ತದೆ. ಆದ್ದರಿಂದ ಕೆಲವು ಸಸಿ ಹೆಚ್ಚಾಗಿ ತನ್ನಿ, ನಾಟಿಯಾದ ತಿಂಗಳೊಳಗೆ ಸಾಲುಸಾಲಾಗಿ ನಡೆದು ನೋಡಿ, ಅನುಮಾನ ಬಂದದ್ದನ್ನು ಕಿತ್ತು ಬದಲಿಸಿ. ಆಮೇಲೆ ಕಣ್ಣಿಗೆ ಬಿದ್ದ ಕುಳ್ಳ ಗಿಡದ ಕಂದನ್ನು ಎರಡನೇ ಬೆಳೆಗೆ ಬಿಡಬೇಡಿ, ಅದೂ ಕುಳ್ಳವೇ ಆಗುತ್ತದೆ. ಸಸಿ ತರುವಾಗ ರಸೀದಿಯ ಮೇಲೆ ತಳಿಯ ಹೆಸರು, ಬ್ಯಾಚ್ ಸಂಖ್ಯೆ ಬರೆಸಿಕೊಂಡು, ಗೊನೆ ಕಡಿಯುವವರೆಗೂ ಜೋಪಾನವಾಗಿಡಿ.